ಗುಳಿಗೆಯ ಗುರುತು: ಅಚ್ಚಿನಿಂದ ಬಾರ್‌ಕೋಡಿನವರೆಗೆ

ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿಯಲ್ಲಿ ಸಾಗಿದರೆ ಸುಮಾರು 35 ಕಿಲೋಮೀಟರಿನ ಅಳತೆಯಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಗೆ ಹೆಸರಾದ ಊರು. ಈಗ ತಾಲ್ಲೂಕು ಕೇಂದ್ರವೂ ಹೌದು. ಜ್ವರ, ಕೆಮ್ಮಿನಂಥ ಸಣ್ಣ ಬೇನೆಗೆ ಸುತ್ತಲಿನ ಹಳ್ಳಿಯವರಿಗೆ ಕಮಲಾಪುರವೇ ಸಾಕು. ಬೇನೆ ದೊಡ್ಡದಾದರೆ ಕಲಬುರಗಿಯ ದವಾಖಾನೆಯ ದಾರಿ ಹಿಡಿಯಲೇಬೇಕು. ಅಲ್ಲಿಯ ವೈದ್ಯರು ಬರೆದುಕೊಟ್ಟ ಒಂದು ತಿಂಗಳ ಔಷಧವನ್ನು ಅಲ್ಲಿಯ ಅಂಗಡಿಯಲ್ಲೇ ಕೊಂಡು ಊರಿಗೆ ಮರಳುವುದು ವಾಡಿಕೆ. ಹತ್ತು ಹದಿನೈದು ದಿನ ಕಳೆದ ಮೇಲೆ ಏನಾದರೂ ಸಂದೇಹ ಹುಟ್ಟಿದರೆ ಕಲಬುರಗಿ ದೂರ, ಬಸ್ಸಿನ ಖರ್ಚು ಬೇರೆ. ಆದುದರಿಂದ ಕೇಳುವುದು ಕಮಲಾಪುರದ ಔಷಧದಂಗಡಿಯಲ್ಲಿ. ಹೀಗೆ ಒಂದು ಊರಿನಲ್ಲಿ ಕೊಂಡ ಗುಳಿಗೆಯ ಗುರುತನ್ನು ಮತ್ತೊಂದು ಊರಿನ ಫಾರ್ಮಾಸಿಸ್ಟನು ಹೇಳಬೇಕಾಗುತ್ತದೆ. ಆತನು ಅದನ್ನು ಯಾವ ಆಧಾರದ ಮೇಲೆ ಹೇಳಬಲ್ಲನು, ಎಷ್ಟರ ಮಟ್ಟಿಗೆ ಹೇಳಬಲ್ಲನು ಎಂಬುದು ಇಲ್ಲಿಯ ವಿಚಾರ.

ವಿಷಯವು ಸ್ಪಷ್ಟವಾಗಲೆಂದು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಪ್ರಸಂಗ ಕಲ್ಪಿತವಾದರೂ ಅದರಲ್ಲಿ ಬರುವ ಔಷಧಗಳೂ ಅವುಗಳ ಅಪಾಯವೂ ಕಲ್ಪಿತವಲ್ಲ.

ಕೀಲುಗಳು ಬಾತು ನೋಯುವ ಸಂಧಿವಾತದಿಂದ ಬಳಲುವ ಒಬ್ಬ ವೃದ್ಧೆ ಕಮಲಾಪುರದ ಅಂಗಡಿಗೆ ಬಂದು, ಸೆರಗಿನ ಗಂಟಿನಿಂದ ಒಂದು ತಗಡಿನ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಡುತ್ತಾಳೆ. “ಯಪ್ಪಾ, ಇದರಾಗ ಐತಾರಕ್ಕೊಮ್ಮೆ ನುಂಗೂ ಗುಳಿಗಿ ಯಾವುದು, ದಿನಾ ನುಂಗೂದು ಯಾವುದು, ಒಂಚೂರು ಬ್ಯಾರೆ ಮಾಡಿ ಕೊಡು. ಎಲ್ಲಾ ಹಳದಿನೇ ಅದಾವ” ಎನ್ನುತ್ತಾಳೆ. “ಯವ್ವಾ, ಡಾಕ್ಟರ ಚೀಟಿ ತಂದೀರೇನ್ರಿ?” ಎಂದರೆ ಚೀಟಿ ಮಳೆಯಲ್ಲಿ ನೆನೆದು ಹೋಗಿದೆ. ಡಬ್ಬಿಯಲ್ಲಿ ಬಿಡಿ ಗುಳಿಗೆಗಳು ಹದಿನಾರು. ಅವುಗಳೊಡನೆ ಕತ್ತರಿಯಿಂದ ಕತ್ತರಿಸಿದ ಸ್ಟ್ರಿಪ್ಪಿನ ತುಂಡೊಂದು, ಅದರಲ್ಲಿ ಇನ್ನೂ ಒಡೆಯದ ಎರಡು ಗುಳಿಗೆ. ಹದಿನೆಂಟೂ ಹಳದಿ, ಹದಿನೆಂಟೂ ದುಂಡು.

ಸಂಧಿವಾತಕ್ಕೆ ವೈದ್ಯರು ಕೊಡುವ ಮುಖ್ಯ ಔಷಧಗಳಲ್ಲಿ ಮೆಥೊಟ್ರೆಕ್ಸೇಟ್ ಒಂದು. ಅದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ಅದರ ತೊಂದರೆಗಳನ್ನು ತಗ್ಗಿಸಲೆಂದು ಉಳಿದ ದಿನಗಳಲ್ಲಿ ಫಾಲಿಕ್ ಆಮ್ಲದ ಗುಳಿಗೆಯನ್ನು ಕೊಡುವ ಪದ್ಧತಿಯಿದೆ. ಒಂದೇ ರೋಗಿಯ ಕೈಯಲ್ಲಿ ಎರಡೂ ಇರುವುದು ಹೀಗೆ. ಫಾಲಿಕ್ ಆಮ್ಲವು ಒಂದು ಜೀವಸತ್ವ. ಒಂದೆರಡು ಹೆಚ್ಚಾದರೂ ಕೇಡಿಲ್ಲ. ಮೆಥೊಟ್ರೆಕ್ಸೇಟ್ ಹಾಗಲ್ಲ. ವಾರಕ್ಕೊಮ್ಮೆ ನುಂಗುವುದನ್ನು ದಿನವೂ ನುಂಗಿದರೆ ಅದು ಎಲುಬಿನ ಮಜ್ಜೆಯಲ್ಲಿ ರಕ್ತಕಣಗಳ ಹುಟ್ಟನ್ನೇ ತಡೆಯುತ್ತದೆ. ಬಾಯಿ ಹುಣ್ಣಾಗುತ್ತದೆ, ಜ್ವರ ಬರುತ್ತದೆ, ರಕ್ತ ಸೋರುತ್ತದೆ, ಪ್ರಾಣವೂ ಹೋಗಬಹುದು. ಇಂಥ ಸಾವುಗಳು ಅನೇಕ ದೇಶಗಳಲ್ಲಿ ಸಂಭವಿಸಿವೆ. ಬ್ರಿಟನ್ನಿನ ಔಷಧ ನಿಯಂತ್ರಕರು 2020ರಲ್ಲಿ ಈ ಒಂದು ತಪ್ಪನ್ನು ಕುರಿತೇ ಪ್ರತ್ಯೇಕ ಎಚ್ಚರಿಕೆಯನ್ನು ಹೊರಡಿಸಬೇಕಾಯಿತು.

ಎರಡೂ ಹಳದಿಯಾಗಿರುವುದು ತಯಾರಕರ ಅಲಕ್ಷ್ಯದಿಂದಲ್ಲ. ಫಾಲಿಕ್ ಆಮ್ಲವೇ ಹುಟ್ಟಿನಿಂದ ಹಳದಿ ಪುಡಿ. ಮೆಥೊಟ್ರೆಕ್ಸೇಟ್ ಎಂಬುದು ಆ ಅಣುವಿನ ರಚನೆಯಲ್ಲಿ ಎರಡು ಕಡೆ ಮಾತ್ರ ಅಲ್ಪ ಬದಲಾವಣೆ ಮಾಡಿ ಕಟ್ಟಿದ ಇನ್ನೊಂದು ಅಣು. ಆದುದರಿಂದ ಅದೂ ಹಳದಿ. ಅದು ಕೆಲಸ ಮಾಡುವುದೂ ಈ ಹೋಲಿಕೆಯಿಂದಲೇ: ಫಾಲಿಕ್ ಆಮ್ಲಕ್ಕಾಗಿ ಇರುವ ಸ್ಥಾನದಲ್ಲಿ ತಾನು ಹೋಗಿ ಕುಳಿತು, ಜೀವಕೋಶದ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಾಲಯಕ್ಕೂ ಈ ಎರಡು ಅಣುಗಳ ಚರಿತ್ರೆಗೂ ಗಾಢವಾದ ಸಂಬಂಧವುಂಟು. ಅಂತೂ, ಕಣ್ಣಿಗೆ ಕಾಣುವ ಬಣ್ಣವು ಇಲ್ಲಿ ಸಾಕ್ಷಿಯೇ ಅಲ್ಲ. ಔಷಧಕ್ಕೂ ಅದರ ವಿರೋಧಿಗೂ ಒಂದೇ ಬಣ್ಣ. ಬಣ್ಣ ಕೈಕೊಟ್ಟ ಮೇಲೆ ಬೇರೆ ಸಾಕ್ಷಿಗಳನ್ನು ಹುಡುಕಬೇಕು.

ಮೊದಲನೆಯದು ಗುಳಿಗೆಯ ಮೈಮೇಲಿನ ಅಚ್ಚು. ಈ ವಿಷಯದಲ್ಲಿ ಅಮೆರಿಕದ ಏರ್ಪಾಡು ಸ್ಪಷ್ಟವಾದದ್ದು. 1993ರಲ್ಲಿ ಪ್ರಕಟವಾಗಿ 1995ರಲ್ಲಿ ಜಾರಿಗೆ ಬಂದ ಅಲ್ಲಿಯ ನಿಯಮದಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನುಂಗುವ ಪ್ರತಿಯೊಂದು ಗುಳಿಗೆಯ ಮೇಲೂ ಒಂದು ಸಂಕೇತವಿರಬೇಕು. ಆ ಸಂಕೇತವನ್ನು ಗುಳಿಗೆಯ ಗಾತ್ರ, ಆಕಾರ, ಬಣ್ಣಗಳೊಡನೆ ಸೇರಿಸಿ ನೋಡಿದರೆ, ಅದು ಯಾವ ಔಷಧ, ಎಷ್ಟು ಪ್ರಮಾಣದ್ದು, ಯಾರು ತಯಾರಿಸಿದ್ದು ಎಂಬುದು ಒಂದೇ ಉತ್ತರವಾಗಿ ದೊರೆಯಬೇಕು. ಉದಾಹರಣೆಗೆ ಹಳದಿ ಬಣ್ಣದ ಒಂದು ದುಂಡು ಗುಳಿಗೆಯ ಮೇಲೆ `54 323` ಎಂದಿರುತ್ತದೆ. ಇಲ್ಲಿ 54 ಎಂಬುದು ತಯಾರಕನನ್ನು ಸೂಚಿಸುತ್ತದೆ. ಸರಕಾರದ ಔಷಧ ಸಂಖ್ಯೆಗಳಲ್ಲಿ ಆ ತಯಾರಕನ ಅಂಕೆಯೂ `0054`. ಮುಂದಿನ 323 ಆತನ ಉತ್ಪನ್ನವನ್ನು ಹೇಳುತ್ತದೆ. ಎರಡೂ ಕೂಡಿದರೆ ಮೆಥೊಟ್ರೆಕ್ಸೇಟ್ 2.5 ಮಿಲಿಗ್ರಾಂ ಎಂದು ಗುರುತು ನಿಲ್ಲುತ್ತದೆ.

ಇಂಥ ಸಂಕೇತಗಳನ್ನೆಲ್ಲ ಒಂದೆಡೆ ಕೂಡಿಸಿಟ್ಟದ್ದೇ ಅಚ್ಚುಗಳ ದತ್ತಸಂಚಯ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ನಡೆಸುವ ಡೈಲಿಮೆಡ್ ಎಂಬ ಸಂಗ್ರಹದಲ್ಲಿ ತಯಾರಕರು ತಮ್ಮ ಔಷಧದ ವಿವರಗಳನ್ನು ನಿಗದಿತ ಮನೆಗಳಲ್ಲಿ ತುಂಬುತ್ತಾರೆ: ಬಣ್ಣ, ಆಕಾರ, ಮಿಲಿಮೀಟರಿನಲ್ಲಿ ಗಾತ್ರ, ಮುರಿಯುವ ಗೆರೆ ಎಷ್ಟು, ಅಚ್ಚಿನ ಅಕ್ಷರಗಳೇನು. ಈ ವಿವರಗಳ ಮೇಲೆಯೇ ನಿಂತಿದ್ದ ಪಿಲ್‌ಬಾಕ್ಸ್ ಎಂಬ ಚಿತ್ರಸಹಿತ ಹುಡುಕಾಟದ ಸೇವೆಯನ್ನು ಅದೇ ಗ್ರಂಥಾಲಯವು 2021ರ ಜನವರಿಯಲ್ಲಿ ನಿಲ್ಲಿಸಿತು. ವಿವರಗಳ ಸಂಗ್ರಹ ಮಾತ್ರ ಉಳಿದಿದೆ. ಹುಡುಕುವ ಕ್ರಮ ಕಠಿಣವಲ್ಲ. ಗುಳಿಗೆಯ ಎರಡೂ ಮಗ್ಗುಲನ್ನು ಓರೆ ಬೆಳಕಿನಲ್ಲಿ ಭೂತಗನ್ನಡಿಯಿಂದ ನೋಡಿ, ಅಕ್ಷರಗಳನ್ನು ಕಂಡಂತೆಯೇ ತುಂಬಿ, ಆಮೇಲೆ ಬಣ್ಣ, ಆಕಾರಗಳನ್ನು ಸೇರಿಸಬೇಕು. ತೊಡಕು ಬರುವುದು ಓದುವಲ್ಲಿ. ಗುಳಿಗೆ ತಿರುಗಿದರೆ 6 ಎಂಬುದು 9 ಆಗುತ್ತದೆ. ಸೊನ್ನೆಯನ್ನು ಇಂಗ್ಲಿಷಿನ ಓ ಎಂದು, ಒಂದನ್ನು ಐ ಎಂದು ಓದುವುದು ಸಾಮಾನ್ಯ ತಪ್ಪು. ಡಬ್ಬಿಯಲ್ಲಿ ಒಂದಕ್ಕೊಂದು ಉಜ್ಜಿ ಅಚ್ಚು ಸವೆದಿದ್ದರೆ ಅರ್ಧ ಅಕ್ಷರವೇ ಉಳಿಯುವುದುಂಟು. ಅರ್ಧ ಅಕ್ಷರಕ್ಕೆ ದೊರೆತ ಉತ್ತರವನ್ನು ಪೂರ್ಣ ಉತ್ತರವೆಂದು ನಂಬಬಾರದು.

ಇಷ್ಟೆಲ್ಲ ಅಮೆರಿಕದ ಮಾತಾಯಿತು. ಭಾರತದಲ್ಲಿ ಗುಳಿಗೆಯ ಮೈಮೇಲೆ ಇಂಥ ಸಂಕೇತವನ್ನು ಒತ್ತಲೇಬೇಕೆಂಬ ಕಡ್ಡಾಯ ನಿಯಮವಿಲ್ಲ. ಕೆಲವು ತಯಾರಕರು ತಮ್ಮ ಇಚ್ಛೆಯಿಂದ ಬ್ರಾಂಡಿನ ಹೆಸರನ್ನೋ ಲಾಂಛನವನ್ನೋ ಒತ್ತುತ್ತಾರೆ. ಬಹಳಷ್ಟು ಗುಳಿಗೆಗಳ ಮೇಲೆ ಮುರಿಯುವ ಗೆರೆಯೊಂದನ್ನು ಬಿಟ್ಟರೆ ಏನೂ ಇರುವುದಿಲ್ಲ. ನಮ್ಮ ಕಾನೂನು ಗುರುತಿನ ಹೊಣೆಯನ್ನು ಗುಳಿಗೆಯ ಮೇಲೆ ಹೊರಿಸದೆ ಅದರ ಹೊದಿಕೆಯ ಮೇಲೆ ಹೊರಿಸಿದೆ. ಅಮೆರಿಕದಲ್ಲಿ ಫಾರ್ಮಾಸಿಸ್ಟನು ದೊಡ್ಡ ಸೀಸೆಯಿಂದ ಎಣಿಸಿ ಸಣ್ಣ ಸೀಸೆಗೆ ಹಾಕಿ ಕೊಡುವುದು ರೂಢಿ, ಆದುದರಿಂದ ಅಲ್ಲಿ ಗುಳಿಗೆಯೇ ತನ್ನ ಹೆಸರನ್ನು ಹೊತ್ತು ನಡೆಯಬೇಕು. ಇಲ್ಲಿ ಸ್ಟ್ರಿಪ್ಪಿನಲ್ಲೇ ಮನೆಗೆ ಹೋಗುತ್ತದೆ, ಹೊದಿಕೆ ಹೇಳಿದರೆ ಸಾಕೆಂಬ ಎಣಿಕೆ. ಹೊದಿಕೆಯಿಂದ ಹೊರಬಂದ ಕೂಡಲೇ ಆ ಎಣಿಕೆ ಬುಡಮೇಲಾಗುತ್ತದೆ. ಅಂಗೈ ಮೇಲಿನ ಬಿಡಿ ಗುಳಿಗೆ ಮೂಕ.

ಆದುದರಿಂದ ಕಮಲಾಪುರದ ಫಾರ್ಮಾಸಿಸ್ಟನು ಅಮೆರಿಕದ ಸಂಗ್ರಹವನ್ನು ತೆರೆದು “ಹಳದಿ, ದುಂಡು, ಅಚ್ಚಿಲ್ಲ” ಎಂದು ಹುಡುಕುವುದರಲ್ಲಿ ಅರ್ಥವಿಲ್ಲ. ಅಕ್ಷರಗಳು ಇದ್ದು ಅಲ್ಲಿ ಒಂದು ಉತ್ತರ ಸಿಕ್ಕರೂ ಅದು ಅಮೆರಿಕದ ಮಾರುಕಟ್ಟೆಯ ಗುಳಿಗೆಯ ಉತ್ತರ. ಇಲ್ಲಿಯ ಬೇರೊಬ್ಬ ತಯಾರಕನು ಅದೇ ಎರಡಕ್ಷರಗಳನ್ನು ಬೇರೊಂದು ಔಷಧದ ಮೇಲೆ ಒತ್ತಿರಬಹುದು. ಉತ್ತರ ಸಿಗದಿದ್ದರೆ ಗುಳಿಗೆ ಖೋಟಾ ಎಂದೂ ಅರ್ಥವಲ್ಲ. ಈ ಅಂಗಡಿಯಲ್ಲಿ ಅಚ್ಚು ನೆರವಾಗುವುದು ಮತ್ತೊಂದು ರೀತಿಯಲ್ಲಿ, ಹೆಸರು ಖಚಿತವಾಗಿರುವ ಒಂದು ಗುಳಿಗೆಯನ್ನು ಪಕ್ಕದಲ್ಲಿಟ್ಟು ಹೋಲಿಸುವಾಗ.

ವೃದ್ಧೆಯ ಡಬ್ಬಿಯಲ್ಲಿ ಅಂಥ ಗುಳಿಗೆ ಇದೆಯೆ? ಸ್ಟ್ರಿಪ್ಪಿನ ತುಂಡಿನತ್ತ ನೋಡಬೇಕು. ಸ್ಟ್ರಿಪ್ಪಿನ ಹಿಂಬದಿಯ ತೆಳು ತಗಡಿನ ಮೇಲೆ ಔಷಧದ ಹೆಸರು ಉದ್ದಕ್ಕೂ ಮತ್ತೆ ಮತ್ತೆ ಅಚ್ಚಾಗಿರುತ್ತದೆ. ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು, ಇವನ್ನು ಮಾತ್ರ ಸಾಮಾನ್ಯವಾಗಿ ಒಂದು ತುದಿಯಲ್ಲಿ ಒಮ್ಮೆ ಒತ್ತಿರುತ್ತಾರೆ. ಹನ್ನೆರಡು ಗುಳಿಗೆ ಬೇಕೆಂದವರಿಗೆ ಹತ್ತರ ಒಂದು ಸ್ಟ್ರಿಪ್ ಪೂರ್ತಿ ಕೊಟ್ಟು, ಇನ್ನೊಂದರಿಂದ ಎರಡನ್ನು ಕತ್ತರಿಸಿ ಕೊಡುತ್ತಾರೆ. ಆ ಎರಡರ ತುಂಡಿಗೆ ಬ್ಯಾಚಿಲ್ಲ, ಅವಧಿಯಿಲ್ಲ. ಹೆಸರೂ ಕತ್ತರಿ ಬಿದ್ದ ಕಡೆ ಅರ್ಧವಾಗುತ್ತದೆ. ಬಲ್ಲ ಫಾರ್ಮಾಸಿಸ್ಟರು ಬ್ಯಾಚಿರುವ ತುದಿಯನ್ನು ಕೊನೆಯವರೆಗೂ ಉಳಿಸಿಕೊಂಡು ಎದುರಿನ ತುದಿಯಿಂದ ಕತ್ತರಿಸುತ್ತಾ ಬರುತ್ತಾರೆ. ಅಂಗಡಿಯ ಲೆಕ್ಕಕ್ಕೆ ಇದು ಸರಿಯೇ. ಆದರೆ ಮೊದಲು ಕೊಂಡವನ ಕೈಗೆ ಹೋದದ್ದು ಹೆಸರು ಮಾತ್ರ ಉಳಿದ ತುಂಡು ಎಂಬುದನ್ನು ಮರೆಯುವಂತಿಲ್ಲ. ಅವನ ಪಾಲಿಗೆ ಬಿಲ್ಲೇ ಬ್ಯಾಚು.

ಈ ಔಷಧಗಳಲ್ಲಿ ಹೆಸರಿನ ತೊಡಕೂ ಸೇರಿದೆ. ನಮ್ಮಲ್ಲಿ ಮಾರಾಟವಾಗುವ ಮೆಥೊಟ್ರೆಕ್ಸೇಟಿನ ಒಂದು ಬ್ರಾಂಡಿನ ಹೆಸರು ಫಾಲಿಟ್ರಾಕ್ಸ್; ಫಾಲಿಕ್ ಆಮ್ಲದ ಒಂದು ಬ್ರಾಂಡಿನ ಹೆಸರು ಫಾಲ್‌ವೈಟ್. ಇಂಗ್ಲಿಷಿನಲ್ಲಿ ಎರಡಕ್ಕೂ ಮೊದಲ ಮೂರು ಅಕ್ಷರಗಳು ಒಂದೇ. ಅವಸರದ ಕೈಬರಹದಲ್ಲಿ ಒಂದು ಇನ್ನೊಂದಾಗಿ ಕಾಣುವುದು ಸುಲಭ. ಕತ್ತರಿಯು ಹೆಸರಿನ ಆರಂಭವನ್ನಷ್ಟೇ ಉಳಿಸಿದ್ದರೆ ತುಂಡು ಇದ್ದೂ ಇಲ್ಲದಂತೆ. ಅದೃಷ್ಟವಶಾತ್ ಈ ತುಂಡಿನಲ್ಲಿ ಉಳಿದದ್ದು ಹೆಸರಿನ ಕೊನೆ, ‘ಟ್ರಾಕ್ಸ್’ ಎಂದು. ಅದರ ಕೆಳಗೆ 2.5 ಎಂಬ ಅಂಕೆ. ಅಲ್ಲಿಗೆ ತುಂಡಿನೊಳಗಿನ ಎರಡು ಗುಳಿಗೆ ಮೆಥೊಟ್ರೆಕ್ಸೇಟ್ ಎಂದು ತಿಳಿಯಿತು. ಉಳಿದ ಹದಿನಾರರ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ.

ಇಲ್ಲಿ ಬಾರ್‌ಕೋಡಿನ ವಿಚಾರಕ್ಕೆ ಬರಬೇಕು. ಔಷಧದ ಪೆಟ್ಟಿಗೆಯ ಮೇಲೆ ಕಾಣುವ ಕಪ್ಪು ಗೆರೆಗಳ ಸಾಲು ಹದಿಮೂರು ಅಂಕೆಗಳ ಒಂದು ಸಂಖ್ಯೆ. ಅದು 890ರಿಂದ ಆರಂಭವಾದರೆ, ಆ ಸಂಖ್ಯೆಯನ್ನು ಭಾರತದ ಜಿಎಸ್1 ಸಂಸ್ಥೆಯ ಮೂಲಕ ಪಡೆಯಲಾಗಿದೆ ಎಂದಷ್ಟೇ ಅರ್ಥ. ವಸ್ತುವು ಭಾರತದಲ್ಲೇ ತಯಾರಾದದ್ದೆಂದು ತಿಳಿಯುವುದು ತಪ್ಪು. ಕೊನೆಯ ಅಂಕೆಯು ಪರೀಕ್ಷಾ ಅಂಕೆ. ಯಾವ ಔಷಧಕ್ಕೂ ಸೇರದ ಒಂದು ಮಾದರಿ ಸಂಖ್ಯೆಯನ್ನು ತೆಗೆದುಕೊಂಡು ಅದರ ಲೆಕ್ಕವನ್ನು ನೋಡಬಹುದು. ಗಣಿತದ ಅಧ್ಯಾಪಕರಿಗೆ ಇದು ತರಗತಿಯಲ್ಲಿ ಮಾಡಿಸಲು ಸೊಗಸಾದ ಲೆಕ್ಕವೂ ಹೌದು.

```
8 9 0 1 2 3 4 5 6 7 8 9 | 0
8+0+2+4+6+8       = 28
(9+1+3+5+7+9) x 3 = 102
28 + 102          = 130
```

ಎಡದಿಂದ ಬೆಸ ಸ್ಥಾನದ ಅಂಕೆಗಳನ್ನು ಹಾಗೆಯೇ ಕೂಡಿಸಿ, ಸಮ ಸ್ಥಾನದವನ್ನು ಕೂಡಿಸಿ ಮೂರರಿಂದ ಗುಣಿಸಿ, ಎರಡನ್ನೂ ಸೇರಿಸಬೇಕು. ಬಂದ ಮೊತ್ತ 130. ಹತ್ತರಿಂದ ನಿಶ್ಶೇಷವಾಗಿ ಭಾಗವಾಗಲು ಇನ್ನೇನೂ ಸೇರಿಸಬೇಕಾಗಿಲ್ಲ, ಆದುದರಿಂದ ಪರೀಕ್ಷಾ ಅಂಕೆ ಸೊನ್ನೆ. ಬೆರಳಚ್ಚಿಸುವವನು 3, 4 ಎಂಬುದನ್ನು 4, 3 ಎಂದು ಹಿಂದುಮುಂದು ಮಾಡಿದರೆ ಮೊತ್ತ 132 ಆಗುತ್ತದೆ, ಪರೀಕ್ಷಾ ಅಂಕೆ 8 ಆಗಬೇಕಾಗುತ್ತದೆ, ಯಂತ್ರ ಅದನ್ನು ತಿರಸ್ಕರಿಸುತ್ತದೆ. ಅಂಕೆಗಳ ವ್ಯತ್ಯಾಸ ಸರಿಯಾಗಿ ಐದಾಗಿದ್ದರೆ, ಎಂದರೆ 1 ಮತ್ತು 6 ಅಥವಾ 2 ಮತ್ತು 7 ಅದಲುಬದಲಾದರೆ, ಈ ಪರೀಕ್ಷೆಗೂ ತಪ್ಪು ಸಿಕ್ಕುವುದಿಲ್ಲ. ಗಮನಿಸಬೇಕಾದುದೇನೆಂದರೆ, ಈ ಅಂಕೆ ಓದಿದ್ದು ಸರಿಯೇ ಎಂಬುದನ್ನು ಮಾತ್ರ ಪರೀಕ್ಷಿಸುತ್ತದೆ. ಔಷಧ ನಿಜವೇ ಎಂಬುದನ್ನಲ್ಲ. ಮತ್ತು ಹದಿಮೂರು ಅಂಕೆಗಳ ಈ ಸಂಖ್ಯೆ ಉತ್ಪನ್ನದ ಹೆಸರನ್ನಷ್ಟೇ ಹೇಳುತ್ತದೆ. ಒಂದೇ ಬ್ರಾಂಡಿನ ಒಂದೇ ಅಳತೆಯ ಪೆಟ್ಟಿಗೆಗಳಿಗೆಲ್ಲ ಒಂದೇ ಸಂಖ್ಯೆ. ಬ್ಯಾಚು, ಅವಧಿಗಳು ಅದರಲ್ಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಚೌಕಾಕಾರದ ಸಂಕೇತಗಳು. ಅವು ಅಡ್ಡಕ್ಕೂ ಉದ್ದಕ್ಕೂ ವಿವರವನ್ನು ಹಿಡಿಯಬಲ್ಲವು. ಅಂಥ ಸಂಕೇತವೊಂದನ್ನು ಓದಿದಾಗ ತೆರೆಯ ಮೇಲೆ ಈ ರೀತಿ ಮೂಡಬಹುದು:

```
(01)08901234567890(17)271130(10)AB123
```

ಆವರಣದೊಳಗಿನ ಅಂಕೆಗಳು ಮುಂದೆ ಬರುವುದೇನೆಂದು ಸಾರುತ್ತವೆ: 01ರ ಮುಂದೆ ಉತ್ಪನ್ನದ ಸಂಖ್ಯೆ, 17ರ ಮುಂದೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಅವಧಿ ಮುಗಿಯುವ ದಿನಾಂಕ, 10ರ ಮುಂದೆ ಬ್ಯಾಚ್. ಮೇಲಿನ ಮಾದರಿಯ ಅವಧಿ 2027ರ ನವೆಂಬರ್ 30ಕ್ಕೆ ಮುಗಿಯುತ್ತದೆ.

ಭಾರತದಲ್ಲಿ 2022ರ ನವೆಂಬರ್ 17ರ ಅಧಿಸೂಚನೆಯ ಮೂಲಕ ಔಷಧ ನಿಯಮಗಳಿಗೆ ಎಚ್2 ಎಂಬ ಅನುಸೂಚಿಯನ್ನು ಸೇರಿಸಲಾಯಿತು. 2023ರ ಆಗಸ್ಟ್ 1ರಿಂದ ಅದು ಜಾರಿಯಲ್ಲಿದೆ. ಕ್ಯಾಲ್ಪಾಲ್, ಆಗ್‌ಮೆಂಟಿನ್, ಥೈರೋನಾರ್ಮ್ ಮೊದಲಾದ 300 ಬ್ರಾಂಡುಗಳ ಯಾದಿ ಅದರಲ್ಲಿದೆ. ಆ ಬ್ರಾಂಡುಗಳ ಒಳ ಹೊದಿಕೆಯ ಮೇಲೆ, ಅಲ್ಲಿ ಜಾಗ ಸಾಲದಿದ್ದರೆ ಹೊರ ಪೆಟ್ಟಿಗೆಯ ಮೇಲೆ, ಬಾರ್‌ಕೋಡ್ ಅಥವಾ ಕ್ಯೂಆರ್ ಸಂಕೇತವಿರಬೇಕು. ಅದು ಹೇಳಬೇಕಾದ ವಿವರಗಳು ಎಂಟು. ಉತ್ಪನ್ನದ ಗುರುತಿನ ಸಂಕೇತ, ಔಷಧದ ಮೂಲ ಹೆಸರು, ಬ್ರಾಂಡಿನ ಹೆಸರು ಮೊದಲ ಮೂರು. ತಯಾರಕರ ಹೆಸರು ವಿಳಾಸ ಮತ್ತು ಪರವಾನಗಿ ಸಂಖ್ಯೆ ಇನ್ನೆರಡು. ಬ್ಯಾಚ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ ಉಳಿದ ಮೂರು.

ಫಾರ್ಮಾಸಿಸ್ಟನು ಅದನ್ನು ಮೊಬೈಲಿನಿಂದ ಓದಿ, “ವಿವರ ಬಂತು” ಎಂದು ಕೆಳಗಿಟ್ಟರೆ ಪರೀಕ್ಷೆ ನಡೆದಂತಾಗಲಿಲ್ಲ. ತೆರೆಯ ಮೇಲೆ ಮೂಡಿದ ಬ್ಯಾಚು ಸ್ಟ್ರಿಪ್ಪಿನ ಮೇಲೆ ಒತ್ತಿದ ಬ್ಯಾಚಿಗೆ ಅಕ್ಷರಶಃ ಹೊಂದಬೇಕು, ಅವಧಿಯೂ ಹಾಗೆಯೇ, ಆ ಸ್ಟ್ರಿಪ್ ಇದ್ದ ಪೆಟ್ಟಿಗೆಯ ಮೇಲೂ ಅದೇ ಇರಬೇಕು, ಸಗಟು ವ್ಯಾಪಾರಿಯ ಬಿಲ್ಲಿನಲ್ಲೂ ಅದೇ ಬ್ಯಾಚ್ ನಮೂದಾಗಿರಬೇಕು. ಸಂಕೇತವು ಯಾವುದಾದರೂ ಜಾಲತಾಣಕ್ಕೆ ಕರೆದೊಯ್ದರೆ ಅದು ತಯಾರಕರದ್ದೇ ಎಂದು ವಿಳಾಸವನ್ನು ಓದಿ ನೋಡಬೇಕು. ಖೋಟಾ ಮಾಡುವವನು ತನ್ನದೇ ಒಂದು ಪುಟವನ್ನು ಕಟ್ಟಿಡುವುದು ಕಷ್ಟವಲ್ಲ. ಸಂಕೇತ ಓದಲು ಬಾರದಿದ್ದರೆ ತಕ್ಷಣ ಗಾಬರಿಯಾಗಬೇಕಿಲ್ಲ. ತಗಡು ಮುದುಡಿದರೆ, ಹೊಳಪಿನಿಂದ ಬೆಳಕು ಮರಳಿದರೆ ಯಂತ್ರಕ್ಕೆ ಕಾಣದು. ಆದರೆ ಓದಿದ ವಿವರವು ಅಚ್ಚಾದ ವಿವರಕ್ಕೆ ವಿರುದ್ಧವಾಗಿದ್ದರೆ ಆ ಸರಕನ್ನು ಮಾರಾಟದಿಂದ ಬೇರೆ ತೆಗೆದಿಟ್ಟು ಔಷಧ ನಿರೀಕ್ಷಕರಿಗೆ ತಿಳಿಸುವುದೇ ದಾರಿ. ಒಳಗಿನ ವಸ್ತುವಿನ ರಾಸಾಯನಿಕ ಪರೀಕ್ಷೆ ಅಂಗಡಿಯಲ್ಲಿ ಆಗುವ ಕೆಲಸವಲ್ಲ. ಅದು ಸರಕಾರಿ ಪ್ರಯೋಗಾಲಯದ್ದು.

ಈ ಸಂಕೇತಕ್ಕೆ ಒಂದು ಮಿತಿಯಿದೆ. ನಿಯಮ ಕೇಳುವ ಎಂಟು ವಿವರಗಳಲ್ಲಿ ಪ್ರತಿಯೊಂದು ಸ್ಟ್ರಿಪ್ಪಿಗೂ ಬೇರೆ ಬೇರೆಯಾದ ಕ್ರಮಸಂಖ್ಯೆ ಇಲ್ಲ. ನಿಜವಾದ ಒಂದು ಸ್ಟ್ರಿಪ್ಪಿನ ಸಂಕೇತವನ್ನು ಬ್ಯಾಚು, ಅವಧಿಗಳ ಸಮೇತ ನಕಲು ಮಾಡಿ ಸಾವಿರ ಖೋಟಾ ಸ್ಟ್ರಿಪ್ಪುಗಳ ಮೇಲೆ ಅಚ್ಚು ಹಾಕಿದರೆ, ಸಾವಿರವೂ ಸರಿಯೆಂದೇ ಓದುತ್ತವೆ. ಯುರೋಪಿನ ಒಕ್ಕೂಟದಲ್ಲಿ 2019ರ ಫೆಬ್ರವರಿ 9ರಿಂದ ಜಾರಿಯಲ್ಲಿರುವ ಪದ್ಧತಿ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಗಳ ಪೆಟ್ಟಿಗೆ ಪೆಟ್ಟಿಗೆಗೂ ಬೇರೆ ಕ್ರಮಸಂಖ್ಯೆ. ರೋಗಿಗೆ ಕೊಡುವಾಗ ಫಾರ್ಮಾಸಿಸ್ಟನು ಅದನ್ನು ಓದಿದೊಡನೆ ಕೇಂದ್ರದ ಲೆಕ್ಕದಲ್ಲಿ ಆ ಸಂಖ್ಯೆ ಮುಗಿದುಹೋಗುತ್ತದೆ. ಅದೇ ಸಂಖ್ಯೆ ಬೇರೊಂದು ಊರಿನಲ್ಲಿ ಮತ್ತೆ ಕಾಣಿಸಿಕೊಂಡರೆ ಎರಡರಲ್ಲೊಂದು ನಕಲಿ ಎಂದು ಯಂತ್ರವೇ ಕೂಗಿ ಹೇಳುತ್ತದೆ. ಆದರೂ ಅಲ್ಲಿಯೂ ಸಂಕೇತವು ಸಾಕ್ಷಿ ನುಡಿಯುವುದು ಪೆಟ್ಟಿಗೆಯ ಪರವಾಗಿ. ಪೆಟ್ಟಿಗೆಯಿಂದ ಹೊರಬಂದು ತಗಡಿನ ಡಬ್ಬಿ ಸೇರಿದ ಗುಳಿಗೆಯ ಪರವಾಗಿ ಅಲ್ಲ.

ಈಗ ಮತ್ತೆ ಆ ಡಬ್ಬಿಗೆ ಮರಳಬಹುದು. ತುಂಡಿನಲ್ಲಿ ಸಂಕೇತವಿಲ್ಲ, ಬ್ಯಾಚಿಲ್ಲ. ಆದರೆ ವೈದ್ಯರ ಚೀಟಿಯ ಮೇಲೆ ಮಾರಿದ ಔಷಧದ ಹೆಸರು, ಪ್ರಮಾಣ, ತಯಾರಕರು, ಬ್ಯಾಚು, ಅವಧಿಗಳನ್ನು ಅಂಗಡಿಯವನು ದಾಖಲಿಸಿಡಬೇಕೆಂದು ಔಷಧ ನಿಯಮ ಹೇಳುತ್ತದೆ. ಕಲಬುರಗಿಯ ಯಾವ ಅಂಗಡಿ ಎಂಬುದು ವೃದ್ಧೆಗೆ ನೆನಪಿದೆ; ದವಾಖಾನೆಯ ಎದುರಿನದು. ಫಾರ್ಮಾಸಿಸ್ಟನು ಅಲ್ಲಿಗೆ ದೂರವಾಣಿ ಮಾಡುತ್ತಾನೆ. ಅಲ್ಲಿಯವರು ಬಿಲ್ಲನ್ನು ತೆಗೆದು ಓದುತ್ತಾರೆ: ಮೆಥೊಟ್ರೆಕ್ಸೇಟ್ 2.5 ಮಿಲಿಗ್ರಾಂ, ಹನ್ನೆರಡು. ಫಾಲಿಕ್ ಆಮ್ಲ 5 ಮಿಲಿಗ್ರಾಂ, ಇಪ್ಪತ್ತನಾಲ್ಕು. ಎರಡರ ಬ್ಯಾಚು ಮತ್ತು ಅವಧಿ. ಮಾರಿ ಹದಿನಾಲ್ಕು ದಿನವಾಗಿದೆ. ಪೆಟ್ಟಿಗೆಯಿಂದ ಓದಿದ ವಿವರ ಬಿಲ್ಲಿಗೆ ಹೋಗಿತ್ತು. ಆ ಬಿಲ್ಲೇ ಈಗ ಕತ್ತರಿಯಿಂದ ಕಡಿದುಹೋದ ಎಳೆಯನ್ನು ಕೂಡಿಸುತ್ತದೆ.

ಲೆಕ್ಕ ಹೀಗೆ ನಿಲ್ಲುತ್ತದೆ. ಇಪ್ಪತ್ತೆಂಟು ದಿನಗಳಿಗೆ ನಾಲ್ಕು ಭಾನುವಾರ, ಪ್ರತಿ ಭಾನುವಾರ ಮೆಥೊಟ್ರೆಕ್ಸೇಟ್ ಮೂರು. ಉಳಿದ ಇಪ್ಪತ್ತನಾಲ್ಕು ದಿನ ಫಾಲಿಕ್ ಆಮ್ಲ ಒಂದೊಂದು. ಎರಡು ವಾರದ ಮೇಲೆ ಉಳಿಯಬೇಕಾದದ್ದು ಮೆಥೊಟ್ರೆಕ್ಸೇಟ್ ಆರು, ಫಾಲಿಕ್ ಆಮ್ಲ ಹನ್ನೆರಡು, ಒಟ್ಟು ಹದಿನೆಂಟು. ಡಬ್ಬಿಯಲ್ಲಿರುವುದೂ ಹದಿನೆಂಟೇ. ಇಲ್ಲಿಗೆ ನಿಲ್ಲಿಸುವವನು ಎಲ್ಲ ಸರಿಯಿದೆ ಎಂದುಕೊಂಡಾನು. ಆದರೆ ಒಟ್ಟು ಮೊತ್ತವು ಎರಡು ಬಗೆಯ ಗುಳಿಗೆಗಳ ಪಾಲನ್ನು ಹೇಳುವುದಿಲ್ಲ.

ಫಾರ್ಮಾಸಿಸ್ಟನು ತುಂಡಿನಿಂದ ಒಂದು ಗುಳಿಗೆಯನ್ನು ಬಿಳಿ ಕಾಗದದ ಮೇಲೆ ಒಡೆಯುತ್ತಾನೆ. ಬರಿಗೈಯಲ್ಲಿ ಮುಟ್ಟುವ ಔಷಧವಲ್ಲವಾದ್ದರಿಂದ ಕೈಗವಸು ತೊಟ್ಟಿರುತ್ತಾನೆ. ಹೆಸರು ಖಚಿತವಾಗಿರುವ ಗುಳಿಗೆ ಇದೊಂದೇ. ಅದರ ಎರಡು ಮಗ್ಗುಲೂ ನುಣುಪು, ಮುರಿಯುವ ಗೆರೆಯಿಲ್ಲ. ಬಿಡಿ ಹದಿನಾರನ್ನು ಅದರ ಪಕ್ಕದಲ್ಲಿ ಸಾಲಾಗಿಟ್ಟು ಭೂತಗನ್ನಡಿಯಿಂದ ನೋಡಿದರೆ, ಹದಿನೈದರ ಮೇಲೆ ತೆಳುವಾದ ಗೆರೆಯಿದೆ, ಅಳತೆಯೂ ತುಸು ಹೆಚ್ಚು. ಒಂದೇ ಒಂದು ಗುಳಿಗೆ ಮಾತ್ರ ಮಾದರಿಗೆ ಹೋಲುತ್ತದೆ. ಕಲಬುರಗಿಯ ಅಂಗಡಿಯವರು ತಮ್ಮಲ್ಲಿ ಉಳಿದ ಅದೇ ಬ್ಯಾಚಿನ ಫಾಲಿಕ್ ಆಮ್ಲವನ್ನು ತೆಗೆದು ನೋಡಿ, ಗೆರೆಯಿದೆ ಎಂದು ದೂರವಾಣಿಯಲ್ಲೇ ಹೇಳುತ್ತಾರೆ. ಎಂದರೆ ಡಬ್ಬಿಯಲ್ಲಿರುವುದು ಮೆಥೊಟ್ರೆಕ್ಸೇಟ್ ಮೂರು, ಫಾಲಿಕ್ ಆಮ್ಲ ಹದಿನೈದು. ಆರು ನುಂಗಬೇಕಾದಲ್ಲಿ ಒಂಬತ್ತು ನುಂಗಿದ್ದಾಳೆ. ಒಂದು ವಾರದ ಪೂರ್ತಿ ಪ್ರಮಾಣ ಎರಡು ವಾರದೊಳಗೆ ಹೆಚ್ಚಾಗಿ ಹೋಗಿದೆ. ಅದೂ ಫಾಲಿಕ್ ಆಮ್ಲವೆಂದು ತಿಳಿದು, ಅದರ ದಿನಗಳಲ್ಲಿ.

“ಯವ್ವಾ, ಬಾಯಾಗ ಏನಾರ ಹುಣ್ಣಾಗ್ಯಾವೇನ್ರಿ? ಜ್ವರ ಬಂದಿತ್ತೇನ್ರಿ?” ಎಂದು ಕೇಳಿದರೆ, “ನಾಕ ದಿನ ಆತು, ಖಾರ ತಿನ್ನಾಕ ಬರವಲ್ದು. ಬಿಸಲಿಗೆ ಆಗಿರಬೇಕಂತ ಸುಮ್ಮನಿದ್ದೆ” ಎನ್ನುತ್ತಾಳೆ.

ಈಗ ಗುಳಿಗೆಗಳನ್ನು ಬೇರೆ ಮಾಡಿ ಕೊಟ್ಟು ಕಳಿಸುವ ಮಾತೇ ಇಲ್ಲ. ಹೋಲಿಕೆಯಿಂದ ಗುರುತಿಸಿದ ಬಿಡಿ ಗುಳಿಗೆಯನ್ನು ಮತ್ತೆ ನುಂಗಲು ಕೊಡಲಾಗದು. ಹೋಲಿಕೆ ಬಲವಾದ ಸೂಚನೆಯಾದೀತು, ಖಾತ್ರಿಯಾಗದು. ಅದಕ್ಕಿಂತ ಮುಖ್ಯವಾಗಿ, ಆಕೆಯ ರಕ್ತಕಣಗಳ ಎಣಿಕೆ ಮತ್ತು ಮೂತ್ರಪಿಂಡದ ಪರೀಕ್ಷೆ ಅಂದೇ ಆಗಬೇಕು. ಮೆಥೊಟ್ರೆಕ್ಸೇಟಿನ ವಿಷಕ್ಕೆ ಫೋಲಿನಿಕ್ ಆಮ್ಲವೆಂಬ ಪರಿಹಾರವಿದೆ; ಡಬ್ಬಿಯಲ್ಲಿರುವ ಫಾಲಿಕ್ ಆಮ್ಲಕ್ಕೂ ಅದಕ್ಕೂ ಹೆಸರು ಹತ್ತಿರ, ಕೆಲಸ ಬೇರೆ. ಔಷಧವು ತಡೆದುಹಾಕಿದ ಮೆಟ್ಟಿಲನ್ನು ದಾಟಿಹೋಗಬಲ್ಲದ್ದು ಫೋಲಿನಿಕ್ ಆಮ್ಲ ಮಾತ್ರ. ಅದನ್ನು ಕೊಡಬೇಕೆ, ಎಷ್ಟು ಎಂಬುದು ವೈದ್ಯರ ನಿರ್ಣಯ. ಬಾಯಿ ಹುಣ್ಣಿಗೆಂದು ಮುಲಾಮು ಕೊಟ್ಟು ಮನೆಗೆ ಕಳಿಸಿದ್ದರೆ ಈ ನಿರ್ಣಯಕ್ಕೆ ಸಮಯವೇ ಸಿಗದೆ ಹೋಗಬಹುದಿತ್ತು.

ಫಾರ್ಮಾಸಿಸ್ಟನು ಮೂರನ್ನು ಒಂದು ಲಕೋಟೆಯಲ್ಲಿ, ಹದಿನೈದನ್ನು ಇನ್ನೊಂದರಲ್ಲಿ ಹಾಕಿ, ಎರಡರ ಮೇಲೂ “ಬಿಡಿಯಾಗಿ ಬಂದದ್ದು, ನುಂಗಬಾರದು” ಎಂದು ಬರೆಯುತ್ತಾನೆ. ಸ್ಟ್ರಿಪ್ಪಿನ ತುಂಡನ್ನು ಎಸೆಯದೆ ಮೊದಲ ಲಕೋಟೆಗೆ ಪಿನ್ನು ಚುಚ್ಚುತ್ತಾನೆ. ಬೇರೊಂದು ಚೀಟಿಯಲ್ಲಿ ಕಲಬುರಗಿಯ ಬಿಲ್ಲಿನ ದಿನಾಂಕ, ಎರಡು ಔಷಧಗಳ ಬ್ಯಾಚು, ಕೊಟ್ಟದ್ದೆಷ್ಟು, ಉಳಿದದ್ದೆಷ್ಟು, ಬಾಯಿಹುಣ್ಣು ನಾಲ್ಕು ದಿನದಿಂದ ಎಂದು ಬರೆದು, ಆಕೆಯ ಮಗನನ್ನು ಕರೆಸಿ, ಮೂರನ್ನೂ ಅವನ ಕೈಗಿತ್ತು ಕಲಬುರಗಿಯ ಬಸ್ಸಿಗೆ ಹತ್ತಿಸುತ್ತಾನೆ. ಡಬ್ಬಿ ಅಂಗಡಿಯಲ್ಲೇ ಉಳಿಯುತ್ತದೆ.